ಕೆರೆಯ ಅಂಚು ಯಾರದು?

ನಮ್ಮ ಬಡಾವಣೆಯ ಕೆರೆಯ ಜೀರ್ಣೋದ್ಧಾರದ ಬಗ್ಗೆ ಈಚೆಗೆ ನಿವಾಸಿಗಳ ಸಭೆ ನಡೆಯಿತು. ಕೆರೆಯ ಸುತ್ತಲೂ ಒಂದೇ ಎತ್ತರದ ಏರಿ, ಏರಿಯ ಮೇಲೆ ವಾಕಿಂಗ್ ಪಾತ್, ಒಳಮೈಗೆ ಕಲ್ಲಿನ ಹೊದಿಕೆ ಎಂದು ನಕ್ಷೆಯಲ್ಲಿ ಬರೆಯಲಾಗಿತ್ತು. ಒಂದು ದಡವನ್ನಾದರೂ ಈಗಿರುವಂತೆ ಇಳಿಜಾರಾಗಿ ಬಿಡಬೇಕೆಂದು ನಾನು ಕೇಳಿಕೊಂಡಾಗ ಹಿರಿಯರೊಬ್ಬರು, "ಕೆರೆ ಇರೋದು ಮನುಷ್ಯರಿಗೋ ಹಕ್ಕಿಗಳಿಗೋ, ಮೊದಲು ಅದನ್ನ ಹೇಳಿಯಮ್ಮ" ಎಂದರು. ಅವರು ಕೋಪದಿಂದ ಕೇಳಲಿಲ್ಲ. ಪರಿಸರದ ನೀತಿಶಾಸ್ತ್ರವನ್ನು ಎರಡು ದಾರಿಯಾಗಿ ಒಡೆದ ಪ್ರಶ್ನೆಯೇ ಅದು. ಪ್ರಕೃತಿಯ ಬೆಲೆ ಮನುಷ್ಯನಿಗಾಗುವ ಉಪಯೋಗದಲ್ಲಿದೆ ಎನ್ನುವುದು ಮಾನವಕೇಂದ್ರಿತ ದೃಷ್ಟಿ. ನಮಗೆ ಉಪಯೋಗವಿರಲಿ, ಇಲ್ಲದಿರಲಿ, ಜೀವಜಾಲಕ್ಕೆ ತನ್ನದೇ ಆದ ಬೆಲೆಯಿದೆ ಎನ್ನುವುದು ಪರಿಸರಕೇಂದ್ರಿತ ದೃಷ್ಟಿ.

ಹಿರಿಯರ ಮಾತಿನಲ್ಲಿ ಸತ್ಯವಿದೆ. ಬೆಂಗಳೂರಿನ ಕೆರೆಗಳು ತಾವಾಗಿ ಹುಟ್ಟಿದವಲ್ಲ. ಅಚ್ಚುಕಟ್ಟಿನ ಗದ್ದೆಗಳಿಗಾಗಿ ಜನರೇ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ, ತೂಬು, ಕೋಡಿಗಳನ್ನು ಇಟ್ಟು ಕಟ್ಟಿದವು. ನೀರುಗಂಟಿ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುತ್ತಿದ್ದ. ಬೇಸಿಗೆಯಲ್ಲಿ ರೈತರು ಹೂಳನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಉಪಯೋಗವಿದ್ದಷ್ಟು ಕಾಲ ಕೆರೆ ಉಳಿಯಿತು ಎನ್ನುವುದಾದರೆ ಮಾನವಕೇಂದ್ರಿತ ನೀತಿಯೇ ಸಾಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ನನ್ನ ತಕರಾರು ಇರುವುದು ಆ "ಇದ್ದಷ್ಟು ಕಾಲ" ಎಂಬಲ್ಲಿ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನಗರಕ್ಕೆ ಕೊಳಾಯಿ ನೀರು ಬಂತು. ಗದ್ದೆಗಳು ಸೈಟುಗಳಾದವು. ಕೆರೆಯ ಕೆಲಸವನ್ನು ಕೊಳಾಯಿ ಮಾಡತೊಡಗಿದ ಮೇಲೆ ಕೆರೆ ಬರಿಯ ಖಾಲಿ ಜಾಗವಾಗಿ ಕಾಣತೊಡಗಿತು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಅಂದಿನ ಜನ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಉಪಯೋಗದ ಲೆಕ್ಕವನ್ನು ಅವರು ಸರಿಯಾಗಿಯೇ ಹಾಕಿದ್ದರು. ಉಪಯೋಗವೊಂದೇ ಬೆಲೆಯಾದಾಗ, ಅದೇ ಉಪಯೋಗ ಬೇರೆ ಕಡೆ ಸುಲಭವಾಗಿ ಸಿಕ್ಕ ದಿನ ಕೆರೆಯ ಪರವಾಗಿ ಹೇಳಲು ಯಾವ ಮಾತೂ ಉಳಿಯುವುದಿಲ್ಲ.

ಇಂದು ಅದೇ ಲೆಕ್ಕ ವಾಕಿಂಗ್ ಪಾತ್ ರೂಪದಲ್ಲಿ ಬಂದಿದೆ. ಹಳೆಯ ಕೆರೆಗೆ ಏರಿ ಇರುತ್ತಿದ್ದುದು ತಗ್ಗಿನ ಕಡೆ ಮಾತ್ರ. ಉಳಿದ ಕಡೆ ನೆಲ ನಿಧಾನವಾಗಿ ಮೇಲೇರುತ್ತಿತ್ತು; ಮಳೆಗಾಲದಲ್ಲಿ ನೀರು ಮುಂದಕ್ಕೆ ಬಂದು, ಬೇಸಿಗೆಯಲ್ಲಿ ಹಿಂದೆ ಸರಿದು, ನಡುವೆ ಕೆಸರಿನ ಅಗಲವಾದ ಪಟ್ಟಿಯನ್ನು ಬಿಡುತ್ತಿತ್ತು. ಸುತ್ತಲೂ ಏರಿ ಕಟ್ಟಿದರೆ ಪಕ್ಕದ ಇಳಿಜಾರಿನಿಂದ ಹರಿದು ಬರುವ ಮಳೆನೀರಿಗೆ ತಡೆಯಾಗುತ್ತದೆ, ಕೆಸರಿನ ಪಟ್ಟಿಯಂತೂ ಇಲ್ಲವಾಗುತ್ತದೆ. ಬಟ್ಟಲಿನಂತಾದ ಕೆರೆಯಲ್ಲಿ ನೀರು ತುಂಬಿರುತ್ತದೆ, ಫೋಟೋದಲ್ಲಿ ಸುಂದರವಾಗಿ ಕಾಣುತ್ತದೆ, ಮುಳುಗಿ ಮೀನು ಹಿಡಿಯುವ ನೀರುಕಾಗೆಗಳೂ ಬರುತ್ತವೆ. ಆದರೆ ಚಳಿಗಾಲಕ್ಕೆ ದೂರದ ಉತ್ತರದಿಂದ ಬರುವ ಗದ್ದೆಗೊರವಕ್ಕೆ ಬೇಕಾದದ್ದು ಒಂದೆರಡು ಅಂಗುಲ ನೀರು ಮತ್ತು ಕೊಕ್ಕು ಇಳಿಯುವಷ್ಟು ಮೆತ್ತಗಿನ ಕೆಸರು. ಕಡ್ಡಿಯಂಥ ಗುಲಾಬಿ ಕಾಲುಗಳ ಮೆಟ್ಟುಗಾಲು ಹಕ್ಕಿಯೂ ತನ್ನ ಕಾಲು ಪೂರ್ತಿ ಮುಳುಗುವಷ್ಟು ಆಳದ ನೀರಿನಲ್ಲಿ ಮೇಯುವುದು ಕಷ್ಟ. ಆ ಕೆಸರಿನಿಂದ ನನಗಾಗಲಿ ಆ ಹಿರಿಯರಿಗಾಗಲಿ ಹೇಳಿಕೊಳ್ಳುವಂಥ ಲಾಭವಿಲ್ಲ. ಎರಡು ದೃಷ್ಟಿಗಳ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲಿಯೇ. ಅಂತರ್ಜಲ, ತಂಪು ಗಾಳಿ ಎಂದಾಗ ಇಬ್ಬರೂ ಒಪ್ಪುತ್ತಾರೆ; ಕೆಸರಿನ ಪ್ರಶ್ನೆ ಬಂದಾಗ ಬೇರೆಯಾಗುತ್ತಾರೆ.

ಹಾಗೆಂದು ಕೆರೆಯನ್ನು ಅದರ ಪಾಡಿಗೆ ಬಿಡುವುದೇ ಪರಿಸರಕೇಂದ್ರಿತ ನೀತಿ ಎಂದು ನಾನು ಒಪ್ಪುವುದಿಲ್ಲ. ಒಳಚರಂಡಿ ನೀರು ಸೇರುವ ಕೆರೆಯಲ್ಲಿ ಜೊಂಡು ಸೊಕ್ಕಿ ಬೆಳೆದು ತೆರೆದ ನೀರನ್ನೆಲ್ಲ ಮುಚ್ಚಿಬಿಡುತ್ತದೆ. ಅದು ಕೆರೆಯ ಸಹಜ ಬೆಳವಣಿಗೆಯಲ್ಲ, ನಮ್ಮ ಕೊಳಕಿನ ಫಲ. ಅದನ್ನು ತೆಗೆಯಲೇಬೇಕು, ಆದರೆ ಎಲ್ಲವನ್ನೂ ಒಮ್ಮೆಗೇ ಅಲ್ಲ, ಮಳೆಗಾಲದಲ್ಲಂತೂ ಅಲ್ಲ. ದೇವನಕ್ಕಿ ಎಂಬ ನೀರುಹಕ್ಕಿ ತೇಲುವ ಎಲೆಗಳ ಮೇಲೆ ಮೊಟ್ಟೆಯಿಡುವ ಕಾಲ ಅದು. ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ, ಕಾವು ಕೊಡುವುದು ಗಂಡು. ಯಂತ್ರ ಹತ್ತಿರ ಬಂದರೆ ಆ ಗಂಡಿಗೆ ಮೊಟ್ಟೆ ಬಿಟ್ಟು ಹಾರುವುದರ ಹೊರತು ದಾರಿಯಿಲ್ಲ. ಕೆರೆಯಿಂದ ಸೊಳ್ಳೆ ಬರುತ್ತದೆ ಎಂಬ ದೂರೂ ಪೂರ್ತಿ ಸುಳ್ಳಲ್ಲ. ಡೆಂಗಿಯಲ್ಲಿ ಮಲಗಿದ ಮಗುವಿನ ತಾಯಿಗೆ ಜೀವಜಾಲದ ಪಾಠ ಹೇಳುವ ಧೈರ್ಯ ನನಗಿಲ್ಲ, ಹೇಳಬೇಕಾಗಿಯೂ ಇಲ್ಲ. ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ನಮ್ಮ ಮನೆಗಳ ಡ್ರಮ್ಮು, ಹೂಕುಂಡ, ಹಳೆಯ ಟೈರುಗಳಲ್ಲಿ ನಿಂತ ತಿಳಿನೀರಿನಲ್ಲಿ.

ಆದ್ದರಿಂದ ಸಭೆಯಲ್ಲಿ ನಾನು ಕೇಳಿದ್ದು ಇಷ್ಟೇ: ಮೂರು ಕಡೆ ಪಾತ್ ಆಗಲಿ, ಮಕ್ಕಳು ಓಡಾಡಲಿ, ಹಿರಿಯರು ಬೆಳಗಿನ ಬಿಸಿಲಿಗೆ ಕೂರಲಿ; ರಾಜಕಾಲುವೆ ಬಂದು ಸೇರುವ ನಾಲ್ಕನೆಯ ಕಡೆ ಇಳಿಜಾರು ಹಾಗೆಯೇ ಇರಲಿ, ಅಲ್ಲಿ ದೀಪವೂ ಬೇಡ. ಆ ಹಿರಿಯರು ಒಪ್ಪಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಆ ದಡಕ್ಕೆ ಬಂದು, "ಯಾವುದಮ್ಮ ಆ ಹಕ್ಕಿ?" ಎಂದು ಕೇಳಿದರು. ಏಳು ಮೆಟ್ಟುಗಾಲು ಹಕ್ಕಿಗಳು ಕೆಸರಿನಲ್ಲಿ ಮೇಯುತ್ತಿದ್ದವು. ನಕ್ಷೆ ಇನ್ನೂ ಅಂತಿಮವಾಗಿಲ್ಲ. ಮುಂದಿನ ಸಭೆಗೆ ಅವರೂ ಬರುತ್ತಾರಂತೆ.