ಬೋರ್‌ವೆಲ್ ನೀರು ಕುಡಿದು ಕುಸಿದ ಊರು

ಇಂಡೋನೇಷ್ಯಾದ ಜಕಾರ್ತಾ ಮುಳುಗುತ್ತಿರುವ ವಿಡಿಯೋ ಒಂದು ಮತ್ತೆ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಮೊಣಕಾಲುದ್ದ ನೀರು, ಪಾಳುಬಿದ್ದ ಮಸೀದಿ, ಹಿಂದೆ ಅಳುಮುಂಜಿ ಸಂಗೀತ. ಕೆಳಗೆ ಒಂದೇ ಸಾಲು: ಹಿಮ ಕರಗಿತು, ಸಮುದ್ರ ಏರಿತು, ಊರು ಮುಳುಗಿತು. ನಮ್ಮ ಗ್ರೂಪಿನ ಹಿರಿಯರೊಬ್ಬರು ತಕ್ಷಣ ಬರೆದರು, “ನಮಗ್ಯಾಕ್ರೀ ಆ ಚಿಂತಿ? ಹುಬ್ಬಳ್ಳಿ ಎರಡು ಸಾವಿರ ಫೂಟ್ ಮ್ಯಾಲ ಐತಿ.”

ಅವರ ಮಾತು ಖರೆ. ಸಮುದ್ರ ಅರಬೈಲ್ ಘಾಟ್ ಹತ್ತಿ ಇಲ್ಲಿಗೆ ಬರೋದಿಲ್ಲ. ಆದರೆ ಆ ವಿಡಿಯೋದ ಒಂದು ಸಾಲು ಅರ್ಧ ಕಥೆಯನ್ನು ನುಂಗಿಬಿಟ್ಟಿದೆ. ನುಂಗಿದ ಆ ಅರ್ಧದಲ್ಲಿ ಇರುವುದು ನಮಗೆ ಚೆನ್ನಾಗಿ ಗೊತ್ತಿರುವ ವಸ್ತು, ಬೋರ್‌ವೆಲ್.

ಮೊದಲು ಲೆಕ್ಕ ನೋಡೋಣ. 2006ರಿಂದ 2018ರವರೆಗೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ ವರ್ಷಕ್ಕೆ 3.7 ಮಿಲಿಮೀಟರ್ ಏರಿದೆ. ಹತ್ತು ವರ್ಷಕ್ಕೆ ನಾಲ್ಕು ಸೆಂಟಿಮೀಟರ್ ಕೂಡ ಆಗೋದಿಲ್ಲ. ಉತ್ತರ ಜಕಾರ್ತಾದಲ್ಲಿ ನೆಲ ವರ್ಷಕ್ಕೆ 10 ಸೆಂಟಿಮೀಟರ್ ಅಥವಾ ಅದಕ್ಕೂ ಜಾಸ್ತಿ ಕುಸಿದ ಜಾಗಗಳಿವೆ. ಬಂದರಿನ ಪಕ್ಕದ ಮುಆರಾ ಬಾರು ಎಂಬ ಭಾಗ 1970ರ ದಶಕದಿಂದ 2010ರ ಹೊತ್ತಿಗೆ ಸುಮಾರು 4 ಮೀಟರ್ ಕೆಳಗಿಳಿಯಿತು. ಅಂದರೆ ಒಂದು ಅಂತಸ್ತಿನ ಮನೆಗಿಂತ ಜಾಸ್ತಿ. ಇಡೀ ಇಪ್ಪತ್ತನೇ ಶತಮಾನ ಸೇರಿಸಿ 2018ರವರೆಗೆ ಜಗತ್ತಿನ ಸಮುದ್ರ ಏರಿದ್ದು ಸುಮಾರು 20 ಸೆಂಟಿಮೀಟರ್. ಅಲ್ಲಿ ಸಮುದ್ರ ಊರಿನೊಳಗೆ ಬಂದದ್ದಕ್ಕಿಂತ ಊರೇ ಸಮುದ್ರದ ಕೆಳಗೆ ಇಳಿದದ್ದು ಎಷ್ಟೋ ಪಟ್ಟು ಹೆಚ್ಚು.

ನೆಲ ಯಾಕೆ ಇಳಿಯಿತು? ಜಕಾರ್ತಾದಲ್ಲಿ 13 ನದಿಗಳು ಹರಿಯುತ್ತವೆ, ಕುಡಿಯಲು ಒಂದೂ ಸರಿಯಿಲ್ಲ ಅನ್ನುವಷ್ಟು ಕೆಟ್ಟಿವೆ. ನಳದ ನೀರು ಲಕ್ಷಾಂತರ ಮನೆಗಳಿಗೆ ಮುಟ್ಟಲೇ ಇಲ್ಲ. ಮನೆ, ಹೋಟೆಲ್, ಕಾರ್ಖಾನೆ, ಮಾಲ್, ಎಲ್ಲರೂ ನೆಲ ಕೊರೆದು ನೀರೆತ್ತಿದರು. ಎತ್ತರದ ಕಟ್ಟಡಗಳ ಭಾರವೂ ಸೇರಿದೆ, ಎಳೆಯ ಮಣ್ಣು ತಾನಾಗಿಯೇ ಅಮರುವುದೂ ಇದೆ. ಯಾವುದರ ಪಾಲು ಎಷ್ಟು ಅಂತ ವಿಜ್ಞಾನಿಗಳಲ್ಲಿ ಇನ್ನೂ ವಾದ ಇದೆ. ಆದರೆ ಕೊಳವೆಬಾವಿಯನ್ನು ಪಟ್ಟಿಯಿಂದ ಬಿಡುವವರು ಕಡಿಮೆ.

ಈಗ ಸಹಜವಾಗಿ ಬರುವ ಪ್ರಶ್ನೆ. ಹುಬ್ಬಳ್ಳಿ-ಧಾರವಾಡದಲ್ಲೂ ಓಣಿಗೆ ಹತ್ತಿಪ್ಪತ್ತು ಬೋರ್ ಇವೆಯಲ್ಲ, ನಾವು ಯಾಕೆ ಕುಸಿಯುತ್ತಿಲ್ಲ? ಇದನ್ನು ನಮ್ಮ ಓಣಿಗೆ ಬೋರ್ ಹಾಕಲು ಬಂದವರಿಗೆ ಕೇಳಿದ್ದೆ. “ಇಲ್ಲಿ ಕೇಸಿಂಗ್ ಪೈಪ್ ಮ್ಯಾಲಿನ ಮಣ್ಣಿಗಷ್ಟ ಬೇಕ್ರೀ ಸರ. ಕೆಳಗ ಬರೇ ಕಲ್ಲು, ತಾನ ನಿಂದರ್ತತಿ” ಅಂದರು. ಭೂವಿಜ್ಞಾನದ ಪುಸ್ತಕ ಹೇಳುವುದೂ ಅದನ್ನೇ. ನಮ್ಮಲ್ಲಿ ನೀರು ಇರುವುದು ಗಟ್ಟಿ ಕಲ್ಲಿನ ಬಿರುಕುಗಳಲ್ಲಿ. ನೀರು ಖಾಲಿಯಾದರೂ ಕಲ್ಲು ಕಲ್ಲಾಗಿಯೇ ಇರುತ್ತದೆ. ಬೋರ್ ಬತ್ತುತ್ತದೆ, ದುಡ್ಡು ಹೋಗುತ್ತದೆ, ಇನ್ನೂ ಇನ್ನೂರು ಫೂಟ್ ಕೆಳಗೆ ಹೋಗುತ್ತೇವೆ. ನೆಲ ಮಾತ್ರ ಇದ್ದಲ್ಲೇ ಇರುತ್ತದೆ.

ನದಿ ಸಮುದ್ರ ಸೇರುವ ಕಡೆಯ ಊರುಗಳ ಕೆಳಗೆ ಕಲ್ಲು ಸಿಗಬೇಕಾದರೆ ನೂರಾರು ಮೀಟರ್ ಹೋಗಬೇಕು. ಅಲ್ಲಿವರೆಗೂ ನದಿ ತಂದು ಸುರಿದ ಉಸುಕು ಮತ್ತು ಜೇಡಿ, ಪದರದ ಮೇಲೆ ಪದರ. ಮೇಲಿನ ಭಾರವನ್ನು ಅಲ್ಲಿ ಮಣ್ಣಿನ ಕಣಗಳು ಮಾತ್ರ ಹೊರುತ್ತಿಲ್ಲ, ಕಣಗಳ ನಡುವಿನ ನೀರೂ ತನ್ನ ಒತ್ತಡದಿಂದ ಹೊರುತ್ತಿದೆ. ಉಸುಕಿನ ಪದರದಿಂದ ನೀರೆಳೆದಾಗ ಆ ಒತ್ತಡ ಇಳಿಯುತ್ತದೆ. ಆಗ ಪಕ್ಕದ ಜೇಡಿಯಿಂದ ನೀರು ನಿಧಾನವಾಗಿ ಹಿಂಡಿಕೊಂಡು ಉಸುಕಿನ ಕಡೆ ಬರುತ್ತದೆ. ಹೊರುವ ನೀರು ಹೋಯಿತು, ಭಾರವೆಲ್ಲ ಕಣಗಳ ಮೇಲೆ ಬಿತ್ತು. ಜೇಡಿಯ ಚಪ್ಪಟೆ ಕಣಗಳು ಒಂದಕ್ಕೊಂದು ಅಂಟಿ ಮಲಗಿಬಿಡುತ್ತವೆ.

ನಮ್ಮ ಎರಿ ಹೊಲ ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆ ಬಿದ್ದ ಮೇಲೆ ಮತ್ತೆ ಉಬ್ಬಿ ಕೂಡಿಕೊಳ್ಳುತ್ತದಲ್ಲ, ಹಾಗೆ ಆ ಜೇಡಿ ಮೇಲೇಳುವುದಿಲ್ಲ. ಮಳೆನೀರು ಇಂಗಿಸಿದರೆ ಉಸುಕು ಮತ್ತೆ ತುಂಬಿಕೊಳ್ಳುತ್ತದೆ. ಆಳದಲ್ಲಿ ಮಲಗಿದ ಜೇಡಿ ಬಹುಪಾಲು ಮಲಗಿದ್ದೇ. ಇನ್ನೊಂದು ತೊಂದರೆ, ಜೇಡಿಯಿಂದ ನೀರು ಹೊರಬರಲು ವರ್ಷಗಟ್ಟಲೆ ಬೇಕು. ಹಾಗಾಗಿ ಪಂಪ್ ಬಂದ್ ಮಾಡಿದ ದಿನವೇ ಕುಸಿತ ನಿಲ್ಲುವುದಿಲ್ಲ.

ಕುಸಿಯುತ್ತಿದೆ ಅಂತ ಗೊತ್ತಾಗುವುದು ಹೇಗೆ? ಇಡೀ ಓಣಿ ಒಟ್ಟಿಗೆ ಇಳಿದರೆ ಯಾರಿಗೂ ಗೊತ್ತಾಗದು. ಆದರೆ ಆಳದ ಗಟ್ಟಿ ಪದರದಲ್ಲಿ ಊರಿ ನಿಂತ ಕೇಸಿಂಗ್ ಪೈಪ್ ಸುತ್ತಲಿನ ನೆಲದ ಜೊತೆ ಇಳಿಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಅದು ಬೆಳೆದಂತೆ ಕಾಣುತ್ತದೆ. ಟೋಕಿಯೋದ ಪೂರ್ವ ಭಾಗದಲ್ಲಿ ಹೀಗೆ ನೆಲದಿಂದ ಎದ್ದುನಿಂತ ಬಾವಿಯ ಪೈಪುಗಳನ್ನು ಜನ ಕಣ್ಣಾರೆ ನೋಡಿದ್ದಾರೆ. ಇದೇ ಉಪಾಯವನ್ನು ಅಳತೆಯ ಸಾಧನವಾಗಿಯೂ ಬಳಸುತ್ತಾರೆ. ಈಗ ಉಪಗ್ರಹದ ರಾಡಾರ್ ಕೂಡ ಇದೆ.

ಟೋಕಿಯೋ ಅಂದೆನಲ್ಲ, ನನ್ನ ವಾದ ನಿಂತಿರುವುದು ಆ ಊರಿನ ಮೇಲೆಯೇ. ಅಲ್ಲಿನ ಕೋತೋ ಪ್ರದೇಶ ಕಳೆದ ಶತಮಾನದಲ್ಲಿ ಕೆಲವೆಡೆ 4 ಮೀಟರಿಗೂ ಹೆಚ್ಚು ಕುಸಿಯಿತು. ಎರಡನೇ ಮಹಾಯುದ್ಧದ ಕೊನೆಗೆ ಬಾಂಬ್ ಬಿದ್ದು ಕಾರ್ಖಾನೆಗಳು ನಿಂತಾಗ ಕುಸಿತವೂ ಹೆಚ್ಚುಕಡಿಮೆ ನಿಂತಿತು. ಕಾರ್ಖಾನೆ ಮತ್ತೆ ಶುರುವಾದಾಗ ಕುಸಿತವೂ ಶುರು. ಇದಕ್ಕಿಂತ ಸಾಕ್ಷಿ ಬೇಕಾ? 1956ರಲ್ಲಿ ಕಾರ್ಖಾನೆಗಳ ಅಂತರ್ಜಲಕ್ಕೆ ಕಾನೂನು ಬಂತು, 1962ರಲ್ಲಿ ದೊಡ್ಡ ಕಟ್ಟಡಗಳಿಗೆ. ಬರೀ ನಿಷೇಧ ಹೇರಲಿಲ್ಲ, ಕಾರ್ಖಾನೆಗಳಿಗೆ ಬೇರೆ ಪೈಪಿನಲ್ಲಿ ನೀರು ಕೊಟ್ಟರು. 1970ರ ದಶಕ ಮುಗಿಯುವ ಹೊತ್ತಿಗೆ ಕುಸಿತ ಬಹುಮಟ್ಟಿಗೆ ನಿಂತಿತ್ತು. ಆಮೇಲೆ ನೀರಿನ ಮಟ್ಟ ಎಷ್ಟು ಏರಿತೆಂದರೆ, ನೆಲದಡಿಯ ಉಯೆನೋ ರೈಲು ನಿಲ್ದಾಣ ಕೆಳಗಿನಿಂದ ತೇಲಿ ಏಳದಂತೆ ಅದರೊಳಗೆ ಸಾವಿರಾರು ಟನ್ ಭಾರ ಹೇರಬೇಕಾಯಿತು! ಆದರೆ ಹೋದ 4 ಮೀಟರ್ ವಾಪಸ್ ಬರಲಿಲ್ಲ. ಅಲ್ಲಿನ ಜನ ಇಂದಿಗೂ ಒಡ್ಡು ಮತ್ತು ಪಂಪುಗಳ ಭರವಸೆಯ ಮೇಲೆ ಬದುಕುತ್ತಿದ್ದಾರೆ.

ಜಕಾರ್ತಾದಲ್ಲಿ ಮಾತು ಯಾವಾಗಲೂ ಸಮುದ್ರವನ್ನು ತಡೆಯುವ ಗೋಡೆಯ ಸುತ್ತ ತಿರುಗುತ್ತದೆ. 2014ರಲ್ಲಿ ಗರುಡ ಪಕ್ಷಿಯ ಆಕಾರದ ದ್ವೀಪಗಳ ಸಮೇತ ಒಂದು ಭಾರೀ ಯೋಜನೆ ಬಂತು. ಫೋಟೋ ಮಾತ್ರ ಭಾಳ ಚಂದ ಇತ್ತು. ಗೋಡೆಯ ಲೆಕ್ಕ ಸುಮ್ನೆ ಹಾಕಿ ನೋಡಿ. ಭರತದ ನೀರಿಗಿಂತ 2 ಮೀಟರ್ ಎತ್ತರ ಕಟ್ಟಿದಿರಿ ಅನ್ನಿ. ನೆಲ ವರ್ಷಕ್ಕೆ 10 ಸೆಂಟಿಮೀಟರ್ ಕುಸಿದು, ಸಮುದ್ರ 4 ಮಿಲಿಮೀಟರ್ ಏರಿದರೆ ಸುಮಾರು 19 ವರ್ಷದಲ್ಲಿ ಆ ಎತ್ತರ ಪೂರ್ತಿ ಖಲಾಸ್. ಅದರಲ್ಲಿ ಸಮುದ್ರ ತಿಂದದ್ದು 8 ಸೆಂಟಿಮೀಟರ್ ಅಷ್ಟೇ. ಅಲ್ಲದೆ ಗೋಡೆ ಕಟ್ಟಿದರೆ ಒಳಗಿನ ನದಿ ನೀರು ಹೊರಗೆ ಹೋಗುವುದು ಹೇಗೆ? ಹಗಲೂ ರಾತ್ರಿ ಪಂಪ್ ಮಾಡಬೇಕು.

ಸಮುದ್ರದ ಏರಿಕೆ ಚಿಲ್ಲರೆ ವಿಷಯ ಅಂತ ನಾನು ಹೇಳುತ್ತಿಲ್ಲ. ಅದರ ವೇಗ ಹೆಚ್ಚುತ್ತಿದೆ. ಹೊಗೆ ಕಡಿಮೆಯಾಗದಿದ್ದರೆ 2100ರ ಹೊತ್ತಿಗೆ ಒಂದು ಮೀಟರಿನ ಹತ್ತಿರ ಹೋಗಬಹುದು ಎಂಬ ಅಂದಾಜಿದೆ. ಅದನ್ನು ತಡೆಯುವುದು ಒಂದು ಊರಿನ ಕೈಯಲ್ಲಿಲ್ಲ, ಗೋಡೆಯೂ ಬೇಕಾದೀತು. ಆದರೆ ನೆಲದ ಕುಸಿತವನ್ನು ತಡೆಯುವುದು ಊರಿನ ಕೈಯಲ್ಲೇ ಇದೆ. ಎಲ್ಲವನ್ನೂ ಹಿಮಕರಡಿಯ ತಲೆಗೆ ಕಟ್ಟಿದರೆ, ಮನೆಮನೆಗೆ ನಳ ಕೊಡದ ಆಡಳಿತ ಆರಾಮಾಗಿ ತಪ್ಪಿಸಿಕೊಳ್ಳುತ್ತದೆ ಅಲ್ವಾ? ನನ್ನ ಸಿಟ್ಟು ಇರುವುದು ಅಲ್ಲಿ.

2019ರಲ್ಲಿ ಇಂಡೋನೇಷ್ಯಾ ರಾಜಧಾನಿಯನ್ನೇ ಬೋರ್ನಿಯೋ ದ್ವೀಪಕ್ಕೆ ಸಾಗಿಸುತ್ತೇವೆ ಎಂದಿತು. ಕಚೇರಿಗಳು ಹೋಗಬಹುದು, ಒಂದು ಕೋಟಿ ಜನ ಅಲ್ಲೇ ಇರುತ್ತಾರೆ. ಸುದ್ದಿಯಾಗದ ಇನ್ನೊಂದು ಕ್ರಮ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. 2023ರ ಆಗಸ್ಟ್‌ನಿಂದ ಜಕಾರ್ತಾದ ಗೊತ್ತುಮಾಡಿದ ಪ್ರದೇಶಗಳಲ್ಲಿ ದೊಡ್ಡ ಕಟ್ಟಡಗಳು ಅಂತರ್ಜಲ ಎತ್ತುವಂತಿಲ್ಲ. ದೊಡ್ಡವರಿಂದ ಶುರು ಮಾಡಿದ್ದು ಸರಿ. ಸಣ್ಣ ಮನೆಗಳಿಗೆ ಪೈಪ್ ಮುಟ್ಟುವ ಮೊದಲೇ ಈ ನಿಯಮವನ್ನು ಅವರ ಮೇಲೂ ಹೇರಿದರೆ, ಜನ ರಾತ್ರಿ ಹೊತ್ತು ಕದ್ದು ಬೋರ್ ಕೊರೆಸುತ್ತಾರೆ. ವಾರಗಟ್ಟಲೆ ನಳದ ದಾರಿ ಕಾಯುವ ನಮ್ಮೂರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.