ಬಡ್ತಿಯ ಕಾರ್ಡಿನಲ್ಲಿ ‘ಅಭಿನಂದನೆಗಳು’ ಬಿಟ್ಟು ಏನು ಬರೆಯಬಹುದು?

ಕಳೆದ ವಾರ ನಮ್ಮ ತಾಲ್ಲೂಕು ಕಚೇರಿಯಲ್ಲಿ ಒಂದು ಕಾರ್ಡು ಮೇಜಿನಿಂದ ಮೇಜಿಗೆ ತಿರುಗಿತು. ಪ್ರಥಮ ದರ್ಜೆ ಸಹಾಯಕರಾಗಿದ್ದ ಮೇಡಂ ಒಬ್ಬರಿಗೆ ಶಿರಸ್ತೇದಾರ್ ಹುದ್ದೆಗೆ ಮುಂಬಡ್ತಿಯ ಆದೇಶ ಬಂದಿತ್ತು. ನನ್ನ ಕೈಗೆ ಬರುವ ಹೊತ್ತಿಗೆ ಹನ್ನೊಂದು ಜನ ಬರೆದಾಗಿತ್ತು. ಅದರಲ್ಲಿ ಒಂಬತ್ತು ಕಡೆ ‘ಹಾರ್ದಿಕ ಅಭಿನಂದನೆಗಳು’, ಕೆಳಗೆ ಸಹಿ. ಹಾಜರಿ ಪುಸ್ತಕದಂತೆ ಕಂಡಿತು. ಹದಿನೇಳು ವರ್ಷ ನಮ್ಮ ಜೊತೆ ದುಡಿದವರಿಗೆ ನಾವು ಕೊಡುವುದು ಇಷ್ಟೇಯೇ ಎಂದು ಬೇಸರವಾಯಿತು.

ಆ ಪದದಲ್ಲಿ ತಪ್ಪೇನೂ ಇಲ್ಲ. ಇನ್ನೊಬ್ಬರಿಗೆ ಆದದ್ದನ್ನು ಕಂಡು ಸಂತೋಷಪಡುವುದೇ ಅಭಿನಂದನೆ. ಆದರೆ ಫ್ಲೆಕ್ಸ್ ಬ್ಯಾನರುಗಳಿಂದ ಹಿಡಿದು ವಾಟ್ಸ್‌ಆ್ಯಪ್ ಗುಂಪುಗಳವರೆಗೆ ಸವೆದು ಸವೆದು ಆ ಸಂತೋಷ ಅದರಿಂದ ಸೋರಿಹೋಗಿದೆ. ಹಾಗಾದರೆ ಆ ಸಂತೋಷವನ್ನೇ ನೇರವಾಗಿ ಹೇಳಿಬಿಡಬಹುದಲ್ಲ? ‘ಆದೇಶದಲ್ಲಿ ನಿಮ್ಮ ಹೆಸರು ನೋಡಿ ಬಹಳ ಸಂತೋಷವಾಯಿತು’ ಎಂದರೆ ಅಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. ‘ನಿಮಗೆ ಸಲ್ಲಬೇಕಾದದ್ದು ಸಂದಿತು’ ಎಂಬುದೂ ನನಗೆ ಇಷ್ಟ. ಅದರಲ್ಲಿ ಅವರ ದುಡಿಮೆಗೆ ಮನ್ನಣೆ ಇದೆ.

ಎಲ್ಲ ಮಾತೂ ಎಲ್ಲರ ಬಾಯಿಗೆ ಒಪ್ಪುವುದಿಲ್ಲ. ‘ಶಹಬ್ಬಾಸ್’ ಪಾರಸಿಯಿಂದ ಬಂದದ್ದು, ‘ಸಂತೋಷವಾಗಿರು’ ಎಂಬುದು ಅದರ ಮೂಲ ಅರ್ಥ. ಎಷ್ಟು ಚೆಂದದ ಹಾರೈಕೆ! ಆದರೆ ಕನ್ನಡದಲ್ಲಿ ಅದು ಹಿರಿಯರು ಕಿರಿಯರ ಬೆನ್ನು ತಟ್ಟುವ ಮಾತಾಗಿದೆ. ‘ಭೇಷ್’ ಕೂಡ ಹಾಗೆಯೇ. ನನಗಿಂತ ಹಿರಿಯರಾದ ಮೇಡಂಗೆ ನಾನು ಅದನ್ನು ಬರೆದರೆ ಉದ್ಧಟತನವಾಗುತ್ತದೆ. ‘ನಿಮ್ಮ ಅದೃಷ್ಟ’ ಎಂದು ಯಾರಿಗೂ ಬರೆಯಬಾರದು. ಇಲಾಖಾ ಪರೀಕ್ಷೆ ಪಾಸು ಮಾಡಿ, ಜ್ಯೇಷ್ಠತಾ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾದವರಿಗೆ ಅದು ಚುಚ್ಚುತ್ತದೆ. ‘ಇದು ಎಂದೋ ಆಗಬೇಕಿತ್ತು’ ಎಂಬುದು ಪ್ರೀತಿಯಿಂದಲೇ ಬರುವ ಮಾತು, ಆದರೂ ಕಾರ್ಡಿನಲ್ಲಿ ಬೇಡ. ಅದೇ ಪಟ್ಟಿಯಲ್ಲಿ ಇನ್ನೂ ಕಾಯುತ್ತಿರುವ ಸಹೋದ್ಯೋಗಿಯೂ ಆ ಕಾರ್ಡಿಗೆ ಸಹಿ ಹಾಕುತ್ತಾರೆ, ಎಲ್ಲರ ಸಾಲುಗಳನ್ನೂ ಓದುತ್ತಾರೆ.

ನಮ್ಮ ಕಚೇರಿಗಳ ಮಟ್ಟಿಗೆ ಇನ್ನೊಂದು ವಿಷಯವಿದೆ. ಇಲ್ಲಿ ಮುಂಬಡ್ತಿಯ ಜೊತೆಗೆ ಹೆಚ್ಚಾಗಿ ಬೇರೆ ಊರಿಗೆ ಸ್ಥಳ ನಿಯುಕ್ತಿಯೂ ಬರುತ್ತದೆ. ಅಂದರೆ ಅದೇ ಕಾರ್ಡು ಬೀಳ್ಕೊಡುಗೆಯ ಕಾರ್ಡೂ ಹೌದು. ಮೇಡಂ ಅವರ ಮಗಳು ಈ ವರ್ಷ ಹತ್ತನೆಯ ತರಗತಿ. ಆದೇಶ ಕೈಗೆ ಬಂದ ದಿನ ಅವರು ಮೊದಲು ಕೇಳಿದ್ದು ಆ ಊರಿಗೆ ಬೆಳಗ್ಗೆ ಎಷ್ಟು ಹೊತ್ತಿಗೆ ಬಸ್ ಇದೆ ಎಂದು. ಅಂಥವರಿಗೆ ‘ಇನ್ನೂ ಎತ್ತರಕ್ಕೆ ಏರಿ’ ಎಂದು ಬರೆದರೆ ಏನು ತಲುಪುತ್ತದೆ? ಅಭಿನಂದನೆ ಆದದ್ದಕ್ಕೆ, ಶುಭಾಶಯ ಮುಂದೆ ಆಗಬೇಕಾದದ್ದಕ್ಕೆ. ಈ ಎರಡನೆಯದು ಅವರಿಗೆ ಹೆಚ್ಚು ಬೇಕಾಗಿತ್ತು.

ನಾನು ಮೊದಲು ಒಂದು ಚೀಟಿಯ ಮೇಲೆ ಬರೆದುಕೊಂಡೆ: ‘ನಿಮ್ಮ ಕರ್ತವ್ಯನಿಷ್ಠೆ, ಸರಳತೆ, ಪ್ರಾಮಾಣಿಕತೆ ನಮಗೆಲ್ಲ ಮಾದರಿ.’ ಓದಿ ನೋಡಿದೆ. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ. ಹರಿದು ಹಾಕಿದೆ. ಅವರು ಮಾಡಿದ ಒಂದೇ ಒಂದು ಕೆಲಸ ನೆನಪಿಸಿಕೊಳ್ಳೋಣ ಎಂದು ಕುಳಿತಾಗ ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು. ಒಬ್ಬ ಅಜ್ಜಿಯ ಹೆಸರು ಪಹಣಿಯಲ್ಲಿ ತಪ್ಪಾಗಿತ್ತು. ಆಧಾರ್ ಕಾರ್ಡಿನ ಹೆಸರಿಗೂ ಅದಕ್ಕೂ ತಾಳೆಯಾಗದೆ ಅಜ್ಜಿ ತಿಂಗಳುಗಟ್ಟಲೆ ಅಲೆಯುತ್ತಿದ್ದರು. ಅವತ್ತು ಮೇಡಂ ಊಟ ಬಿಟ್ಟು ರೆಕಾರ್ಡ್ ರೂಮಿಗೆ ಹೋಗಿ, ಹಳೆಯ ಕೈಬರಹದ ಪಹಣಿ ಹುಡುಕಿ ತೆಗೆದು, ತಿದ್ದುಪಡಿಯ ಕಡತಕ್ಕೆ ತಾವೇ ಟಿಪ್ಪಣಿ ಬರೆದರು. ಸೀರೆಯ ಸೆರಗೆಲ್ಲ ಧೂಳಾಗಿತ್ತು.

ಕೊನೆಗೆ ಕಾರ್ಡಿನಲ್ಲಿ ಬರೆದದ್ದು ಇಷ್ಟು:

‘ಮೇಡಂ, ಆ ಅಜ್ಜಿಯ ಪಹಣಿಗಾಗಿ ನೀವು ಊಟ ಬಿಟ್ಟ ದಿನ ನಾನು ಪಕ್ಕದ ಮೇಜಿನಲ್ಲಿದ್ದೆ. ಟಿಪ್ಪಣಿ ಬರೆಯುವುದನ್ನು ನಾನು ಕಲಿತದ್ದು ಆ ಕಡತ ನೋಡಿ. ಶಿರಸ್ತೇದಾರರ ಕುರ್ಚಿಯಲ್ಲಿ ಇನ್ನು ನೀವು ಕೂರುತ್ತೀರಿ ಎಂದು ತಿಳಿದು ತುಂಬಾ ಸಂತೋಷವಾಗಿದೆ. ಹೊಸ ಊರಿನಲ್ಲಿ ಒಳ್ಳೆಯ ಸಿಬ್ಬಂದಿ ಸಿಗಲಿ, ಮಗಳ ಪರೀಕ್ಷೆ ಚೆನ್ನಾಗಿ ಆಗಲಿ.’

ಬಿಡುಗಡೆಯ ದಿನ ಅವರು ಕಾರ್ಡನ್ನು ಅಲ್ಲಿಯೇ ತೆರೆದು ಓದಿದರು. ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: “ಆ ಅಜ್ಜಿ ಆಮೇಲೆ ಬಂದಿದ್ದರಾ?”