ಖರೀದಿ ಪತ್ರ ಕಾಕಾರದ್ದು, ತೊಗರಿ ಅವರದ್ದು

ಕಳೆದ ನವೆಂಬರ್‌ನಲ್ಲಿ ಆಳಂದ ಕಡೆಯ ನಮ್ಮ ಕಾಕಾ ಕೋರ್ಟಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ಖರೀದಿ ಪತ್ರ ನಂದದ, ಪಹಣಿ ನಂದದ. ಆದ್ರೂ ಪೂರಾ ಸ್ಟೇ ಕೊಡಲಿಲ್ಲ ನೋಡು!"

ಕಾಕಾ ಎರಡು ಎಕರೆ ಹೊಲ ಕೊಂಡಿದ್ದರು. ಮಾರಿದವನ ತಮ್ಮ ಇದು ಪಿತ್ರಾರ್ಜಿತ, ನನಗೂ ಪಾಲಿದೆ ಎಂದು ಜೂನ್‌ನಲ್ಲೇ ತೊಗರಿ ಬಿತ್ತಿಬಿಟ್ಟ. ಕಾಕಾ ದಾವೆ ಹಾಕಿ ಎರಡು ತಡೆ ಕೇಳಿದರು: ಒಂದು, ಅವನು ಹೊಲಕ್ಕೆ ಕಾಲಿಡಬಾರದು; ಎರಡು, ಹೊಲ ಮಾರಬಾರದು, ಕಟ್ಟಡ ಕಟ್ಟಬಾರದು. ಮೊದಲನೆಯದು ಸಿಗಲಿಲ್ಲ, ಎರಡನೆಯದು ಸಿಕ್ಕಿತು.

ನನಗೆ ಈ ಆದೇಶ ಸರಿ ಅನಿಸಿತು. ಕಾಕಾ ಇನ್ನೂ ಒಪ್ಪಿಲ್ಲ.

ತಡೆ ಕೊಡುವ ಮೊದಲು ಕೋರ್ಟ್ ಪ್ರೈಮಾ ಫೇಸಿ ಕೇಸ್ ಇದೆಯಾ ಅಂತ ನೋಡುತ್ತದೆ. ಹಾಗಂದರೆ ಮಾಲಕತ್ವ ಸಾಬೀತಾಯಿತು ಅಂತಲ್ಲ. ಪ್ರಾಮಾಣಿಕವಾಗಿ ಎತ್ತಿದ, ವಿಚಾರಣೆ ಬೇಕಾದ ಗಟ್ಟಿ ಪ್ರಶ್ನೆ ಇದೆಯಾ ಎಂದಷ್ಟೇ ನೋಡುತ್ತಾರೆ. ದಲಪತ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಈ ವ್ಯತ್ಯಾಸ ಹೇಳಿದೆ. ನೋಂದಣಿಯಾದ ಪತ್ರ ಇದ್ದ ಕಾಕಾ ಇಲ್ಲಿ ಪಾಸಾದರು.

ಸಿಕ್ಕಿಬಿದ್ದದ್ದು ಕಬ್ಜಾದಲ್ಲಿ. "ಹೊಲಕ್ಕೆ ಬರಬೇಡ" ಅಂತ ತಡೆ ಕೇಳುವವರು ದಾವೆ ಹಾಕಿದ ದಿನ ಹೊಲ ತಮ್ಮ ಕೈಯಲ್ಲಿತ್ತು ಅಂತ ತೋರಿಸಬೇಕು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ರಲ್ಲಿ ಸಾಗುವಳಿ ಮಾಡುವವನ ಹೆಸರು. ಕಾಕಾ 9ನ್ನು ಮಾತ್ರ ನೋಡಿಕೊಂಡಿದ್ದರು. ಎದುರಿನವನು ಬೀಜ, ಗೊಬ್ಬರದ ಬಿಲ್ಲು, ನಿಂತ ತೊಗರಿಯ ಫೋಟೋ ಎಲ್ಲ ತಂದ. ಅವನು ಬಿತ್ತಿದ್ದನ್ನು ಕಾಕಾ ವಕೀಲರಿಗೂ ಹೇಳಿರಲಿಲ್ಲ, ಅಫಿಡವಿಟ್‌ನಲ್ಲಿ "ನನ್ನ ಕಬ್ಜೆಯಲ್ಲಿದೆ" ಅಂತ ಬರೆಸಿಬಿಟ್ಟಿದ್ದರು. ತಡೆಯಾಜ್ಞೆ ಕೇಳುವವರ ನಡತೆಯನ್ನೂ ಕೋರ್ಟ್ ತೂಗುತ್ತದೆ. ಆ ಒಂದು ಸಾಲಿನಿಂದ ಕಾಕಾರ ಉಳಿದ ಮಾತಿನ ತೂಕವೂ ಇಳಿಯಿತು.

ಆಮೇಲೆ ಬ್ಯಾಲೆನ್ಸ್ ಆಫ್ ಕನ್ವೀನಿಯನ್ಸ್, ಅಂದರೆ ಆದೇಶ ಕೊಟ್ಟರೆ ಯಾರಿಗೆ ಎಷ್ಟು ಪೆಟ್ಟು, ಕೊಡದಿದ್ದರೆ ಎಷ್ಟು ಅನ್ನುವ ಲೆಕ್ಕ. ಕೊಯ್ಲಿಗೆ ಬರುತ್ತಿದ್ದ ತೊಗರಿಗೆ ಕೈ ಹಾಕದಂತೆ ತಡೆದರೆ ಕಾಯಿ ಒಡೆದು ಕಾಳು ಹೊಲದಲ್ಲೇ ಉದುರುತ್ತದೆ, ಯಾರಿಗೂ ಸಿಗುವುದಿಲ್ಲ. ತಡೆಯದಿದ್ದರೆ ಕಾಕಾರಿಗೆ ಹೋಗುವುದು ಒಂದು ಬೆಳೆಯ ದುಡ್ಡು. ಅದನ್ನು ಲೆಕ್ಕ ಹಾಕಿ ಮುಂದೆ ವಸೂಲಿ ಮಾಡಬಹುದು. ಹೊಲ ಮೂರನೆಯವನಿಗೆ ಮಾರಿದರೋ, ಮನೆ ಎದ್ದಿತೋ, ಕೇಸು ವರ್ಷಗಟ್ಟಲೆ ಎಳೆಯುತ್ತದೆ, ದುಡ್ಡಿನಿಂದ ಸರಿಯಾಗುವುದಿಲ್ಲ. ಎದುರಿನವನಿಗಾದರೆ ಕೇಸು ಮುಗಿಯುವವರೆಗೆ ಮಾರದೆ ಇದ್ದರೆ ಏನೂ ಹೋಗುವುದಿಲ್ಲ. ಅದಕ್ಕೇ ಅವನು ರಾಶಿ ಮಾಡಲಿ, ಲೆಕ್ಕ ಕೋರ್ಟಿಗೆ ಕೊಡಲಿ, ಹೊಲ ಮಾರಬಾರದು, ಕಟ್ಟಬಾರದು ಎಂದು ಆದೇಶವಾಯಿತು.

ನನಗೆ ಸಿಟ್ಟು ಬಂದದ್ದು ದಾವೆ ಬರೆದ ರೀತಿಗೆ. ಕಬ್ಜಾ ಇಲ್ಲ, ಹಕ್ಕಿಗೇ ತಕರಾರಿದೆ. ಹೀಗಿರುವಾಗ ಬರೀ ತಡೆಯಾಜ್ಞೆ ಕೇಳಿದರೆ ಸಾಲದು, ಹಕ್ಕಿನ ಘೋಷಣೆ ಮತ್ತು ಕಬ್ಜಾ ಎರಡನ್ನೂ ಕೇಳಬೇಕು. 2008ರ ಅನತುಲ ಸುಧಾಕರ್ ತೀರ್ಪಿನಲ್ಲಿ ಇದು ಸ್ಪಷ್ಟವಾಗಿದೆ. ವಕೀಲರು ಈಗ ದಾವೆ ತಿದ್ದುಪಡಿಗೆ ಅರ್ಜಿ ಹಾಕಿದ್ದಾರೆ.

ಜನವರಿಯಲ್ಲಿ ರಾಶಿ ಮುಗಿಯಿತು. ಅಡತ್ ಅಂಗಡಿಯ ಪಟ್ಟಿ ಕೋರ್ಟಿಗೆ ಬಂತು. ಕಾಕಾ ಅದರ ಜೆರಾಕ್ಸ್ ಹಿಡಿದು ಕ್ವಿಂಟಲ್ ಲೆಕ್ಕ ಮೂರು ಸಲ ಕೂಡಿದರು. "ಎರಡು ಎಕರೆಗೆ ಇಷ್ಟೇನಾ?" ಅಂತ ಈಗ ಹೊಸ ತಕರಾರು.